ವಾಹನದ ಮಾಲೀಕರು ತೀರಿಕೊಂಡ ಮೇಲೆ ಇನ್ಶೂರೆನ್ಸ್ ಮತ್ತು ನೋ ಕ್ಲೇಮ್ ಬೋನಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂದರ್ಭವೊಂದನ್ನು ಇಟ್ಟುಕೊಂಡು ಉತ್ತರಗಳನ್ನು ಬರೆದಿದ್ದೇವೆ. ಮೂಡಿಗೆರೆ ಹತ್ತಿರದ ಒಂದು ಮನೆ. ಕಾರು ತಂದೆಯವರ ಹೆಸರಿನಲ್ಲಿದೆ, ನಂಬರು ಕೆಎ-18. ಪಾಲಿಸಿ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ವರ್ಷಗಟ್ಟಲೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇ. 50ಕ್ಕೆ ಏರಿದೆ. ತಂದೆ ಜನವರಿ 20ರಂದು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯಲ್ಲಿ ತಾಯಿ ಇದ್ದಾರೆ, ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳನ್ನು ಅರಸೀಕೆರೆಗೆ ಕೊಟ್ಟಿದೆ. ದಿನಾಂಕ ಮತ್ತು ಮೊತ್ತಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಯಮಗಳು ಮಾತ್ರ ನಿಜವಾದವು.

ಮಾಲೀಕರು ತೀರಿಕೊಂಡ ದಿನವೇ ಪಾಲಿಸಿ ರದ್ದಾಗುತ್ತದೆಯೇ?

ಇಲ್ಲ. ಖಾಸಗಿ ಕಾರು ಮತ್ತು ಬೈಕುಗಳ ಪಾಲಿಸಿ ಪುಸ್ತಕದ ಕೊನೆಯ ಷರತ್ತುಗಳಲ್ಲಿ ಇದಕ್ಕೆಂದೇ ಒಂದು ಷರತ್ತಿರುತ್ತದೆ. ಪಾಲಿಸಿದಾರರೊಬ್ಬರೇ ಇದ್ದು ಅವರು ತೀರಿಕೊಂಡರೆ, ಪಾಲಿಸಿ ಸಾವಿನ ದಿನದಿಂದ ಮೂರು ತಿಂಗಳವರೆಗೆ ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಊರ್ಜಿತವಾಗಿರುತ್ತದೆ. ಅಷ್ಟರೊಳಗೆ ವಾಹನವನ್ನು ಇಟ್ಟುಕೊಂಡು ಬಳಸುವ ವಾರಸುದಾರರು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು, ಇಲ್ಲವೇ ಹೊಸ ಪಾಲಿಸಿ ತೆಗೆದುಕೊಳ್ಳಬೇಕು. ಅರ್ಜಿಯ ಜೊತೆಗೆ ಮರಣ ಪ್ರಮಾಣಪತ್ರ, ವಾಹನದ ಮೇಲಿನ ಹಕ್ಕು ತೋರಿಸುವ ದಾಖಲೆ ಮತ್ತು ಮೂಲ ಪಾಲಿಸಿ ಇರಬೇಕು.

ಹೆಚ್ಚಿನವರು "ಮೂರು ತಿಂಗಳು ಟೈಮಿದೆ" ಎಂಬ ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಜನವರಿ 20ರಿಂದ ಮೂರು ತಿಂಗಳೆಂದರೆ ಏಪ್ರಿಲ್ 20. ಆದರೆ ಪಾಲಿಸಿ ಮಾರ್ಚ್ 31ಕ್ಕೇ ಮುಗಿಯುತ್ತದೆ. ಹಾಗಾಗಿ ಈ ಮನೆಯವರ ಕೈಯಲ್ಲಿ ಇರುವುದು ಎರಡು ತಿಂಗಳು ಹನ್ನೊಂದು ದಿನ ಅಷ್ಟೇ. ಎಲ್ಲಕ್ಕಿಂತ ಮೊದಲು ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಪಾಲಿಸಿ ತೆಗೆದು ಮುಕ್ತಾಯದ ದಿನಾಂಕ ನೋಡಿ.

ತಂದೆಯವರ ನೋ ಕ್ಲೇಮ್ ಬೋನಸ್ ನಮಗೆ ಸಿಗುತ್ತದೆಯೇ? ಬೋನಸ್ ವ್ಯಕ್ತಿಯದು, ಗಾಡಿಯದಲ್ಲ ಎಂದು ಏಜೆಂಟ್ ಹೇಳಿದರು.

ಏಜೆಂಟ್ ಹೇಳಿದ್ದು ಮೂಲ ನಿಯಮ, ಅದು ಸರಿ. ಬೋನಸ್ ಪಾಲಿಸಿದಾರರನ್ನು ಹಿಂಬಾಲಿಸುತ್ತದೆ, ವಾಹನವನ್ನಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಳೆಯ ಮಾಲೀಕರ ಬೋನಸ್ ಸಿಗದಿರುವುದು ಇದೇ ಕಾರಣಕ್ಕೆ. ಆದರೆ ಇದೇ ನಿಯಮಕ್ಕೆ ಒಂದು ವಿನಾಯಿತಿ ಇದೆ, ಮತ್ತು ಅದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ವಾಹನ ವಿಮೆ ನಿಯಮಾವಳಿಯ ಸಾಮಾನ್ಯ ನಿಯಮ 27ರ ಪ್ರಕಾರ, ಪಾಲಿಸಿದಾರರು ಒಬ್ಬ ವ್ಯಕ್ತಿಯಾಗಿದ್ದು (ಕಂಪನಿ, ಸಂಸ್ಥೆ ಅಲ್ಲ), ಅವರ ಮರಣದ ನಂತರ ವಾಹನದ ಸುಪರ್ದಿ ಮತ್ತು ಬಳಕೆ ಅವರ ಗಂಡ ಅಥವಾ ಹೆಂಡತಿ, ಮಕ್ಕಳು, ಇಲ್ಲವೇ ತಂದೆ-ತಾಯಿಗೆ ಹೋದರೆ, ತೀರಿಕೊಂಡವರ ಬೋನಸ್ ಪೂರ್ತಿಯಾಗಿ ಅವರಿಗೇ ಸಿಗುತ್ತದೆ. ಶೇ. 50 ಇದ್ದರೆ ಶೇ. 50 ಆಗಿಯೇ ಸಿಗುತ್ತದೆ, ಅರ್ಧಕ್ಕೆ ಇಳಿಯುವುದಿಲ್ಲ, ಮತ್ತೆ ಶೇ. 20ರಿಂದ ಶುರುವಾಗುವುದಿಲ್ಲ.

ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ, ಅಳಿಯ, ಸೊಸೆ, ಚಿಕ್ಕಪ್ಪನ ಮಗ ಇವರಿಗೆ ಆಸ್ತಿಯಲ್ಲಿ ಹಕ್ಕಿದ್ದರೂ ಬೋನಸ್ ಸಿಗುವುದಿಲ್ಲ. ತೀರಿಕೊಂಡವರ ತಮ್ಮ ಒಟ್ಟು ಕುಟುಂಬದಲ್ಲೇ ಇದ್ದು, ಕಾರನ್ನು ಹತ್ತು ವರ್ಷ ಓಡಿಸಿದವನೂ ಅವನೇ ಆಗಿದ್ದರೂ ಅಷ್ಟೇ. ಇಂಥ ಕಡೆ ಕಾರನ್ನು ತಮ್ಮನಿಗೆ ಬಿಟ್ಟುಕೊಡುವುದು ಮನೆಯವರ ಇಷ್ಟ, ಆದರೆ ಬೋನಸ್ ಕೈತಪ್ಪುತ್ತದೆ ಎಂಬುದನ್ನು ತಿಳಿದೇ ಬಿಟ್ಟುಕೊಡಿ.

ಬೋನಸ್ ಹೋದರೆ ಎಷ್ಟು ನಷ್ಟ? ಅದಕ್ಕಾಗಿ ಇಷ್ಟು ಓಡಾಡಬೇಕೇ?

ಲೆಕ್ಕ ಹಾಕಿ ನೋಡೋಣ. ಬೋನಸ್ ಕಳೆಯುವುದು ನಮ್ಮ ಗಾಡಿಗೆ ಆಗುವ ಹಾನಿಗೆಂದು ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮಾತ್ರ, ಬೇರೆಯವರಿಗೆ ಆಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಅಲ್ಲ. ನಮ್ಮ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 50 ಬೋನಸ್ ಇದ್ದರೆ 6,000 ಉಳಿಯುತ್ತದೆ.

ಬೋನಸ್ ಸೊನ್ನೆಯಾದರೆ ಮೊದಲ ವರ್ಷ ಆ 6,000 ಹೋಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ಬೋನಸ್ ಏರುವುದು ಶೇ. 20, 25, 35, 45, 50 ಎಂಬ ಮೆಟ್ಟಿಲುಗಳಲ್ಲಿ, ವರ್ಷಕ್ಕೊಂದು ಮೆಟ್ಟಿಲು. ಎರಡನೇ ವರ್ಷ ನಿಮಗೆ ಶೇ. 20 ಸಿಗುತ್ತದೆ, ಆದರೆ 50 ಸಿಗಬೇಕಿತ್ತು, ಅಂದರೆ 3,600 ಕಡಿಮೆ. ಮೂರನೇ ವರ್ಷ 3,000, ನಾಲ್ಕನೇ ವರ್ಷ 1,800, ಐದನೇ ವರ್ಷ 600. ಒಟ್ಟು 15,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿಸಿದರೆ 17,700. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಇರಬಹುದು. ಆದರೂ ಒಂದು ಅರ್ಜಿ, ನಾಲ್ಕು ಜೆರಾಕ್ಸ್ ಪ್ರತಿಗಳ ಕೆಲಸಕ್ಕೆ ಇದು ಬಿಟ್ಟುಬಿಡುವ ಮೊತ್ತವಲ್ಲ. ಹಳೆಯ ಸ್ಕೂಟರಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಬೋನಸ್ ಪ್ರಶ್ನೆಯೇ ಬರುವುದಿಲ್ಲ, ಹೆಸರು ಬದಲಾಯಿಸಿದರೆ ಸಾಕು.

ಮೊದಲು ಅಮ್ಮನ ಹೆಸರಿಗೆ ಮಾಡಿಸಿ, ಆಮೇಲೆ ನಿಧಾನಕ್ಕೆ ಮಗನ ಹೆಸರಿಗೆ ಮಾಡಿಸಿಕೊಂಡರೆ ಆಗದೇ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ನಮ್ಮ ಕಡೆ ಮನೆಯ ಯಜಮಾನರು ಹೋದಾಗ ಎಲ್ಲವನ್ನೂ ಮೊದಲು ಅಮ್ಮನ ಹೆಸರಿಗೆ ಮಾಡಿಸುವುದು ರೂಢಿ. ಅದರ ಹಿಂದಿನ ಗೌರವ, ಕಾಳಜಿ ಸರಿಯಾದದ್ದೇ. ಆದರೆ ಕಾರಿನ ವಿಷಯದಲ್ಲಿ ಅದು ಬೋನಸ್ಸನ್ನು ಕಳೆಯುವ ದಾರಿ.

ಮನೆಯವರ ನಡುವೆ ಬೋನಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಮರಣದ ಕಾರಣಕ್ಕೆ ಮಾತ್ರ. ತಂದೆಯಿಂದ ತಾಯಿಗೆ ಹೋಗುವಾಗ ಆ ಕಾರಣ ಇದೆ, ಶೇ. 50 ತಾಯಿಗೆ ಸಿಗುತ್ತದೆ. ಆರು ತಿಂಗಳ ನಂತರ ತಾಯಿ ಅದೇ ಕಾರನ್ನು ಮಗನ ಹೆಸರಿಗೆ ಬರೆದುಕೊಟ್ಟರೆ, ಇನ್ಶೂರೆನ್ಸ್ ಕಂಪನಿಯ ಲೆಕ್ಕದಲ್ಲಿ ಅದು ಬದುಕಿರುವ ಇಬ್ಬರ ನಡುವಿನ ಸಾಮಾನ್ಯ ವರ್ಗಾವಣೆ. ತಾಯಿ-ಮಗ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಗನಿಗೆ ತನ್ನದೇ ಬೋನಸ್ ಇಲ್ಲದಿದ್ದರೆ ಸೊನ್ನೆಯಿಂದ ಶುರು. ಜೊತೆಗೆ ಪಾಲಿಸಿಯ ಉಳಿದ ದಿನಗಳಿಗೆ ಈಗಾಗಲೇ ಕೊಟ್ಟಿದ್ದ ಬೋನಸ್ಸಿನ ಪಾಲನ್ನು ಕಂಪನಿ ವಾಪಸು ಕಟ್ಟಿಸಿಕೊಳ್ಳುತ್ತದೆ. 6,000 ರೂಪಾಯಿ ಬೋನಸ್ ಇದ್ದು 90 ದಿನ ಉಳಿದಿದ್ದರೆ, 365ಕ್ಕೆ 90ರ ಲೆಕ್ಕದಲ್ಲಿ ಸುಮಾರು 1,480 ರೂಪಾಯಿ, ಮೇಲೆ ಜಿಎಸ್‌ಟಿ.

ಹಾಗಾಗಿ ಕಾರನ್ನು ಕೊನೆಗೆ ಯಾರು ಇಟ್ಟುಕೊಳ್ಳುತ್ತಾರೆ ಎಂಬುದನ್ನು ತಿಥಿ ಕಾರ್ಯಕ್ಕೆ ಎಲ್ಲರೂ ಸೇರಿದಾಗಲೇ ಮಾತಾಡಿ ತೀರ್ಮಾನಿಸಿ. ಮಗ ಇಟ್ಟುಕೊಳ್ಳುವುದಾದರೆ ತಂದೆಯ ಹೆಸರಿನಿಂದ ನೇರ ಮಗನ ಹೆಸರಿಗೆ. ಮಗಳು ಇಟ್ಟುಕೊಳ್ಳುವುದಾದರೆ ನೇರ ಮಗಳ ಹೆಸರಿಗೆ. ನಿಯಮದಲ್ಲಿರುವುದು ಮಕ್ಕಳು ಎಂಬ ಮಾತು, ಮದುವೆಯಾದ ಮಗಳು ಅದರಿಂದ ಹೊರಗಲ್ಲ. ಕಾರು ಊರಿನಲ್ಲೇ ತಾಯಿಯ ಉಪಯೋಗಕ್ಕೆ ಇರುವುದಾದರೆ ತಾಯಿಯ ಹೆಸರಿಗೆ ಮಾಡಿಸಿ, ಮತ್ತು ಅಲ್ಲೇ ಬಿಡಿ.

ತಾಯಿಗೆ ಲೈಸೆನ್ಸ್ ಇಲ್ಲ. ಅವರ ಹೆಸರಿಗೆ ಆರ್‌ಸಿ, ಪಾಲಿಸಿ ಆಗುತ್ತದೆಯೇ?

ಆಗುತ್ತದೆ. ವಾಹನ ಓಡಿಸಲು ಲೈಸೆನ್ಸ್ ಬೇಕು, ವಾಹನದ ಮಾಲೀಕರಾಗಲು ಬೇಡ. ಬೋನಸ್ ಕೂಡ ಅವರಿಗೆ ಸಿಗುತ್ತದೆ. ಲೈಸೆನ್ಸ್ ಇರುವ ಯಾರೇ ಅವರ ಒಪ್ಪಿಗೆಯಿಂದ ಓಡಿಸಿದರೂ ಓನ್ ಡ್ಯಾಮೇಜ್ ಮತ್ತು ಥರ್ಡ್ ಪಾರ್ಟಿ ರಕ್ಷಣೆ ಇರುತ್ತದೆ. ಒಂದೇ ವ್ಯತ್ಯಾಸವೆಂದರೆ ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅದಕ್ಕೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲೇಬೇಕು. ಅದರ ಪ್ರೀಮಿಯಂ ಬಿಲ್ಲಿನಲ್ಲಿ ಸೇರಿದ್ದರೆ ಲೈಸೆನ್ಸ್ ಇಲ್ಲವೆಂದು ಬರೆದುಕೊಟ್ಟು ತೆಗೆಸಿ. ಕಟ್ಟಿದ ಹಣಕ್ಕೆ ಮುಂದೆ ಏನೂ ಸಿಗುವುದಿಲ್ಲ.

ಮೊದಲು ಆರ್‌ಟಿಒ ಕೆಲಸವೋ, ಇನ್ಶೂರೆನ್ಸ್ ಕೆಲಸವೋ?

ಆರ್‌ಟಿಒದವರು ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಕೇಳುತ್ತಾರೆ, ಇನ್ಶೂರೆನ್ಸ್‌ನವರು ನಿಮ್ಮ ಹೆಸರಿನ ಆರ್‌ಸಿ ಕೇಳುತ್ತಾರೆ. ಬಹಳ ಮನೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲೇ. ಎರಡೂ ಕಡೆ ಏಕಕಾಲಕ್ಕೆ ಕಾಗದ ಕೊಟ್ಟು ಶುರು ಮಾಡಿ, ಆರ್‌ಸಿ ಮೊದಲು ಮುಗಿಯುವಂತೆ ನೋಡಿಕೊಳ್ಳುವುದು ಸರಿಯಾದ ದಾರಿ.

ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮದಂತೆ, ಮಾಲೀಕರು ತೀರಿಕೊಂಡ 30 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ಸಾವಿನ ವಿಷಯವನ್ನೂ, ವಾಹನವನ್ನು ತಾನು ಬಳಸುವ ಉದ್ದೇಶವನ್ನೂ ತಿಳಿಸಿದರೆ, ವಾರಸುದಾರರು ಮೂರು ತಿಂಗಳು ಆ ವಾಹನವನ್ನು ತಮ್ಮದೇ ಎಂಬಂತೆ ಓಡಿಸಬಹುದು. ಅದೇ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮಾರಾಟಕ್ಕೆ ಬಳಸುವ ಫಾರಂ 29, 30 ಇಲ್ಲಿ ಬೇಡ. ತೀರಿಕೊಂಡವರ ಸಹಿ ಹಾಕಿಸಿದಂತೆ ಮಾಡಿ ಹಳೆಯ ತಾರೀಖಿನ 29, 30 ತುಂಬಿಕೊಡುವುದಾಗಿ ಹೇಳುವ ಮಧ್ಯವರ್ತಿಗಳನ್ನು ದೂರವೇ ಇಡಿ. ಅದು ಫೋರ್ಜರಿ. ಅಷ್ಟೇ ಅಲ್ಲ, ದಾಖಲೆಯಲ್ಲಿ ಮಾರಾಟವೆಂದು ಕೂತರೆ ಬೋನಸ್ ಕೇಳುವ ಹಕ್ಕೂ ಅಲ್ಲಿಗೇ ಮುಗಿಯಿತು.

ನಮ್ಮ ಮೂಡಿಗೆರೆ ಮನೆಯವರ ಕ್ಯಾಲೆಂಡರ್ ಹೀಗಿರುತ್ತದೆ. ಫೆಬ್ರವರಿ 19ರೊಳಗೆ ಚಿಕ್ಕಮಗಳೂರು ಆರ್‌ಟಿಒಗೆ ತಿಳಿವಳಿಕೆ ಪತ್ರ ಕೊಟ್ಟು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಅದೇ ದಿನ ಇನ್ಶೂರೆನ್ಸ್ ಕಂಪನಿಗೂ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು, ಇಮೇಲ್ ಕೂಡ ಮಾಡಬೇಕು. ಫಾರಂ 31 ಅರ್ಜಿ ಫೆಬ್ರವರಿ ಕೊನೆಯೊಳಗೆ ಹೋದರೆ, ಹೊಸ ಆರ್‌ಸಿ ಕೈಗೆ ಬಂದು ಮಾರ್ಚ್ 31ರೊಳಗೆ ಪಾಲಿಸಿಯ ಹೆಸರು ಬದಲಾಗಲು ಸಮಯ ಉಳಿಯುತ್ತದೆ. ಏಪ್ರಿಲ್ 20ರವರೆಗೆ ಟೈಮಿದೆಯಲ್ಲ ಎಂದು ಫಾರಂ 31 ಅನ್ನು ಏಪ್ರಿಲ್‌ಗೆ ಇಟ್ಟುಕೊಂಡರೆ, ಅಷ್ಟು ಹೊತ್ತಿಗೆ ಪಾಲಿಸಿ ಮುಗಿದಿರುತ್ತದೆ, ಚಾಲ್ತಿ ಇನ್ಶೂರೆನ್ಸ್ ಇಲ್ಲದೆ ಆರ್‌ಟಿಒ ಅರ್ಜಿ ಮುಂದೆ ಹೋಗುವುದಿಲ್ಲ.

ಯಾವ ಯಾವ ಕಾಗದ ಬೇಕು, ಎಲ್ಲಿ ತಡವಾಗುತ್ತದೆ?

ಮರಣ ಪ್ರಮಾಣಪತ್ರ ಸಾವು ಸಂಭವಿಸಿದ ಸ್ಥಳದಲ್ಲಿ ನೋಂದಣಿಯಾಗುತ್ತದೆ, ಮನೆ ಇರುವ ಊರಿನಲ್ಲಿ ಅಲ್ಲ. ಹಾಸನ, ಚಿಕ್ಕಮಗಳೂರಿನಿಂದ ದೊಡ್ಡ ಚಿಕಿತ್ಸೆಗೆ ಮಂಗಳೂರು, ಬೆಂಗಳೂರಿಗೆ ಹೋಗುವವರೇ ಹೆಚ್ಚು. ಅಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಅಲ್ಲಿಯ ನೋಂದಣಾಧಿಕಾರಿಯಿಂದಲೇ ಬರಬೇಕು. ಮೂಡಿಗೆರೆ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ ಕಾಲ ಕಳೆಯಬೇಡಿ. ಆಸ್ಪತ್ರೆಯಿಂದ ಹೊರಡುವಾಗಲೇ ತೀರಿಕೊಂಡವರ ಹೆಸರಿನ ಕಾಗುಣಿತ ಮತ್ತು ಇನಿಷಿಯಲ್ ಆಧಾರ್‌ನಲ್ಲಿ ಇರುವಂತೆ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ. ಆ ಹೊತ್ತಿನಲ್ಲಿ ಇದನ್ನು ನೋಡುವ ಮನಸ್ಥಿತಿ ಮನೆಯವರಿಗೆ ಇರುವುದಿಲ್ಲ, ಜೊತೆಗೆ ಬಂದ ನೆಂಟರಲ್ಲಿ ಯಾರಾದರೂ ನೋಡಲಿ.

ಎರಡನೆಯದು ವಾರಸುದಾರರು ಯಾರೆಂದು ತೋರಿಸುವ ದಾಖಲೆ. ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರ ಅಥವಾ ಜೀವಂತ ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡಿ ವರದಿ ಕೊಡಬೇಕಾದ್ದರಿಂದ ಇದಕ್ಕೆ ಸಮಯ ಹಿಡಿಯುತ್ತದೆ. ಮರಣ ಪ್ರಮಾಣಪತ್ರ ಬಂದ ದಿನವೇ ಈ ಅರ್ಜಿ ಹಾಕಿ.

ಮೂರನೆಯದು ಉಳಿದ ವಾರಸುದಾರರ ಒಪ್ಪಿಗೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡಸು ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿಯೂ ಮೊದಲ ದರ್ಜೆಯ ವಾರಸುದಾರರು. ಅರಸೀಕೆರೆಯ ಮಗಳನ್ನೂ, ಅಜ್ಜಿ ಬದುಕಿದ್ದರೆ ಅವರನ್ನೂ ಬಿಟ್ಟು ಬರೆದ ಒಪ್ಪಿಗೆ ಪತ್ರ ವಂಶವೃಕ್ಷದ ಜೊತೆ ಇಟ್ಟು ನೋಡಿದ ತಕ್ಷಣ ವಾಪಸು ಬರುತ್ತದೆ.

ಇವುಗಳ ಜೊತೆಗೆ ಆರ್‌ಸಿ, ಇನ್ಶೂರೆನ್ಸ್, ವಾಯುಮಾಲಿನ್ಯ ಪ್ರಮಾಣಪತ್ರ, ಹೊಸ ಮಾಲೀಕರ ಆಧಾರ್ ಮತ್ತು ಪ್ಯಾನ್ ಸಿದ್ಧವಿರಲಿ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು.

ತಂದೆಯವರ ಮೊಬೈಲ್ ಸಿಮ್ಮನ್ನು ಈ ಕೆಲಸ ಮುಗಿಯುವವರೆಗೆ ರೀಚಾರ್ಜ್ ಮಾಡಿ ಚಾಲೂ ಇಡಿ. ಆರ್‌ಸಿಗೂ ಪಾಲಿಸಿಗೂ ಜೋಡಿಸಿರುವುದು ಅದೇ ನಂಬರು, ಒಟಿಪಿ ಬರುವುದು ಅದಕ್ಕೇ. ಮೊದಲ ತಿಂಗಳಲ್ಲೇ ಸಿಮ್ ನಿಲ್ಲಿಸಿದರೆ, ನಂಬರು ಬದಲಾಯಿಸುವುದಕ್ಕೇ ಇನ್ನೊಂದು ಅರ್ಜಿ ಹಾಕಬೇಕಾಗುತ್ತದೆ.

ಇನ್ಶೂರೆನ್ಸ್ ಕಂಪನಿಗೆ ಕೊಡುವ ಪತ್ರದಲ್ಲಿ ಏನು ಬರೆಯಬೇಕು?

ಕೇವಲ "ಹೆಸರು ಬದಲಾಯಿಸಿ ಕೊಡಿ" ಎಂದು ಬರೆದರೆ ಕೌಂಟರಿನವರು ಅದನ್ನು ಮಾರಾಟದ ಹೆಸರು ಬದಲಾವಣೆ ಎಂದೇ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಆ ಆಯ್ಕೆ ಒತ್ತಿದ ಕೂಡಲೇ ಬೋನಸ್ ಸೊನ್ನೆಯಾಗುತ್ತದೆ. ನಂತರ ಅದನ್ನು ಸರಿಪಡಿಸಲು ಕಡತ ಮೇಲಿನ ಕಚೇರಿಗೆ ಹೋಗಿ ಬರಬೇಕು. ಆದ್ದರಿಂದ ಪತ್ರದಲ್ಲೇ ಸ್ಪಷ್ಟವಾಗಿ ಹೀಗೆ ಬರೆಯಿರಿ:

"ಪಾಲಿಸಿದಾರರಾದ ನನ್ನ ತಂದೆಯವರು ಜನವರಿ 20ರಂದು ನಿಧನರಾಗಿದ್ದಾರೆ. ಅವರ ವಾಹನದ ಸುಪರ್ದಿ ಮತ್ತು ಬಳಕೆ ಮಗನಾದ ನನಗೆ ಬಂದಿದೆ. ಪಾಲಿಸಿದಾರರ ಮರಣಕ್ಕೆ ಸಂಬಂಧಿಸಿದ ಷರತ್ತಿನಂತೆ ಪಾಲಿಸಿಯನ್ನು ನನ್ನ ಹೆಸರಿಗೆ ವರ್ಗಾಯಿಸಿ, ಸಾಮಾನ್ಯ ನಿಯಮ 27ರಂತೆ ಅವರ ಶೇ. 50 ನೋ ಕ್ಲೇಮ್ ಬೋನಸ್ಸನ್ನು ನನಗೆ ಮುಂದುವರಿಸಿ ಎಂಡೋರ್ಸ್‌ಮೆಂಟ್ ಕೊಡಬೇಕಾಗಿ ಕೋರುತ್ತೇನೆ."

ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಯ ಬದಲಾವಣೆ ನಮೂದಿಸಿದ ಪತ್ರ, ಕೈಗೆ ಬಂದಾಗ ಅಲ್ಲೇ ನಿಂತು ಎರಡು ಸಾಲು ಓದಿ. ಪಾಲಿಸಿದಾರರ ಹೆಸರು ಹೊಸ ಆರ್‌ಸಿಯಲ್ಲಿ ಇರುವಂತೆಯೇ ಇದೆಯೇ, ಬೋನಸ್ ಶೇಕಡಾ ಹಳೆಯದೇ ಇದೆಯೇ. ಹೆಚ್ಚುವರಿ ಪ್ರೀಮಿಯಂ ಎಂದು ಸಾವಿರಾರು ರೂಪಾಯಿ ಕೇಳಿದರೆ ಅದು ಬಹುತೇಕ ಬೋನಸ್ ವಸೂಲಿಯೇ. ಹಣ ಕಟ್ಟುವ ಮುಂಚೆ ಯಾವುದಕ್ಕೆಂದು ಕೇಳಿ. ಎಂಡೋರ್ಸ್‌ಮೆಂಟ್ ಶುಲ್ಕ ಎಂದರೆ ಸಣ್ಣ ಮೊತ್ತ.

2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಕಾರುಗಳಿಗೆ ಮೂರು ವರ್ಷದ, ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಇರುತ್ತದೆ. ಓನ್ ಡ್ಯಾಮೇಜ್ ಪಾಲಿಸಿ ಬೇರೆ ಕಂಪನಿಯದೂ ಆಗಿರಬಹುದು. ಹಾಗಿದ್ದರೆ ಎರಡೂ ಕಂಪನಿಗಳಿಗೆ ಬೇರೆ ಬೇರೆ ಅರ್ಜಿ ಕೊಡಬೇಕು. ಬೋನಸ್ಸಿನ ಮಾತು ಓನ್ ಡ್ಯಾಮೇಜ್ ಕಂಪನಿಯ ಪತ್ರದಲ್ಲಿ ಮಾತ್ರ ಸಾಕು.

ರಿನ್ಯೂವಲ್ ಮೆಸೇಜು ಬಂತು, ತಂದೆಯ ಹೆಸರಿನಲ್ಲೇ ಆನ್‌ಲೈನ್‌ನಲ್ಲಿ ಹಣ ಕಟ್ಟಿದೆವು. ತೊಂದರೆ ಇದೆಯೇ?

ಇದೆ, ಮತ್ತು ಅದು ಗೊತ್ತಾಗುವುದು ಕ್ಲೇಮ್ ಮಾಡಿದ ದಿನ. ವೆಬ್‌ಸೈಟಿಗೆ ಸಾವಿನ ವಿಷಯ ಗೊತ್ತಿಲ್ಲ. ಹಣ ತೆಗೆದುಕೊಳ್ಳುತ್ತದೆ, ಶೇ. 50 ಬೋನಸ್ ಹಾಕಿ ಪಾಲಿಸಿಯನ್ನೂ ಕಳಿಸುತ್ತದೆ. ನೋಡಲು ಎಲ್ಲವೂ ಸರಿಯಾಗಿಯೇ ಇದೆ. ಆದರೆ ತೀರಿಕೊಂಡವರ ಜೊತೆ ಹೊಸ ಕರಾರು ಆಗುವುದಿಲ್ಲ, ಮತ್ತು ಆ ಪಾಲಿಸಿಯಲ್ಲಿ ವಾರಸುದಾರರ ಹೆಸರೇ ಇಲ್ಲ.

ನಮ್ಮ ಉದಾಹರಣೆಯಲ್ಲೇ ಎರಡು ಅಪಘಾತ ಇಟ್ಟು ನೋಡಿ. ಫೆಬ್ರವರಿ 25ರಂದು ಮಗ ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಕಾರು ತಡೆಗೋಡೆಗೆ ಬಡಿಯಿತು. ಪಾಲಿಸಿ ತಂದೆಯ ಹೆಸರಿನಲ್ಲೇ ಇದೆ, ಮೂರು ತಿಂಗಳೊಳಗೆ ಇದೆ, ಮಗನಿಗೆ ಲೈಸೆನ್ಸ್ ಇದೆ. ಮರಣ ಪ್ರಮಾಣಪತ್ರ ಮತ್ತು ವಾರಸು ದಾಖಲೆ ಇಟ್ಟು ಓನ್ ಡ್ಯಾಮೇಜ್ ಕ್ಲೇಮ್ ಮಾಡಬಹುದು. ಅದೇ ಅಪಘಾತ ಏಪ್ರಿಲ್ 25ರಂದು, ತಂದೆಯ ಹೆಸರಿನಲ್ಲಿ ರಿನ್ಯೂ ಮಾಡಿದ ಪಾಲಿಸಿಯ ಮೇಲೆ ಆದರೆ, ಸರ್ವೇಯರ್ ಪಾಲಿಸಿದಾರರ ಸಹಿ ಕೇಳುತ್ತಾರೆ. ಸಾವಿನ ತಾರೀಖು ಹೊರಬರುತ್ತದೆ, ಕ್ಲೇಮ್ ತಿರಸ್ಕಾರವಾಗುತ್ತದೆ. ಥರ್ಡ್ ಪಾರ್ಟಿ ಪ್ರಕರಣವಾದರೆ ಕರಾರೇ ಇಲ್ಲವೆಂದು ಕಂಪನಿ ವಾದ ಹೂಡಬಹುದು, ಪರಿಹಾರದ ಹೊರೆ ಮನೆಯವರ ಮೇಲೆ ಬೀಳಬಹುದು.

ಈಗಾಗಲೇ ಕಟ್ಟಿದ್ದರೆ ಸುಮ್ಮನೆ ಕೂರಬೇಡಿ. ಮರಣ ಪ್ರಮಾಣಪತ್ರ ಹಿಡಿದು ಶಾಖೆಗೆ ಹೋಗಿ, ತಿಳಿಯದೆ ಕಟ್ಟಿದ್ದೆಂದು ಬರೆದುಕೊಟ್ಟು, ವಾರಸುದಾರರ ಹೆಸರಿಗೆ ಸರಿಪಡಿಸಿಕೊಡಲು ಕೇಳಿ. ಏನೂ ಆಗುವ ಮುಂಚೆ ತಾವಾಗಿ ತಿಳಿಸಿದವರ ಕೆಲಸ ಬೇಗ ಆಗುತ್ತದೆ.

ಪಾಲಿಸಿ ಮುಗಿಯುತ್ತಿದೆ, ಆರ್‌ಸಿ ಇನ್ನೂ ಬಂದಿಲ್ಲ. ಏನು ಮಾಡುವುದು?

ಆನ್‌ಲೈನ್ ಬಿಟ್ಟು ಶಾಖೆಗೇ ಹೋಗಿ. ಫಾರಂ 31ರ ಸ್ವೀಕೃತಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ವಾರಸುದಾರರ ಹೆಸರಿಗೆ ಪಾಲಿಸಿ ಕೇಳಿ. ಕೆಲವು ಕಂಪನಿಗಳು ದಿವಂಗತರ ಕಾನೂನುಬದ್ಧ ವಾರಸುದಾರರು ಎಂದು ನಮೂದಿಸಿಯೂ ಪಾಲಿಸಿ ಕೊಡುತ್ತವೆ, ಆರ್‌ಸಿ ಬಂದ ಮೇಲೆ ಹೆಸರು ಹಾಕಿಸಿಕೊಳ್ಳಬಹುದು.

ಪಾಲಿಸಿ ಮುಗಿದೇ ಹೋದರೆ ಬೋನಸ್ಸಿಗೆ 90 ದಿನದ ಗಡುವು. ಮಾರ್ಚ್ 31ಕ್ಕೆ ಮುಗಿದರೆ ಜೂನ್ 29ರೊಳಗೆ ಹೊಸ ಪಾಲಿಸಿ ಆಗಬೇಕು. ಆದರೆ ಆ 90 ದಿನ ಉಳಿಸುವುದು ಬೋನಸ್ಸನ್ನು ಮಾತ್ರ, ರಕ್ಷಣೆಯನ್ನಲ್ಲ. ಅಷ್ಟು ದಿನ ಕಾರು ರಸ್ತೆಗೆ ಇಳಿಯಬಾರದು, ಶೆಡ್ಡಿನಲ್ಲೇ ಇರಲಿ. ಹೊಸ ಪಾಲಿಸಿ ಕೊಡುವ ಮುಂಚೆ ಕಂಪನಿಯವರು ಕಾರನ್ನು ತಪಾಸಣೆ ಮಾಡುತ್ತಾರೆ.

ಮಗನಿಗೆ ಈಗಾಗಲೇ ಒಂದು ಕಾರಿದೆ, ಅದಕ್ಕೆ ಶೇ. 25 ಬೋನಸ್ ಇದೆ. ಎರಡೂ ಏನಾಗುತ್ತವೆ?

ಬೇರೆ ಬೇರೆಯಾಗಿ ಉಳಿಯುತ್ತವೆ. ತಂದೆಯ ಕಾರಿಗೆ ಶೇ. 50, ಅವನ ಕಾರಿಗೆ ಅವನ ಶೇ. 25. ಎರಡನ್ನೂ ಕೂಡಿಸುವಂತಿಲ್ಲ, ಒಂದೇ ಬೋನಸ್ಸನ್ನು ಎರಡು ಕಾರಿಗೆ ಹಾಕುವಂತೆಯೂ ಇಲ್ಲ.

ಮುಂದೆ ತಂದೆಯ ಕಾರನ್ನು ಮಾರಿ ಹೊಸ ಕಾರು ಕೊಳ್ಳುವ ಯೋಚನೆ ಇದ್ದರೂ, ಮೊದಲು ಆರ್‌ಸಿ ಮತ್ತು ಪಾಲಿಸಿಯನ್ನು ಬೋನಸ್ ಸಮೇತ ತನ್ನ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಮಾರಲಿ. ಆಗ ಆ ಬೋನಸ್ ಅವನದಾಗಿರುತ್ತದೆ. ಮಾರಿದ ಮೇಲೆ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಪಡೆದು, ಹಳೆಯ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಅದೇ ವರ್ಗದ ಇನ್ನೊಂದು ವಾಹನಕ್ಕೆ ಬಳಸಬಹುದು. ಕಾರಿನ ಬೋನಸ್ ಬೈಕಿಗೆ ಹೋಗುವುದಿಲ್ಲ.

ಮಾಲೀಕರು ಅದೇ ಕಾರಿನ ಅಪಘಾತದಲ್ಲಿ ತೀರಿಕೊಂಡಿದ್ದರೆ?

ಆಗ ಮೊದಲು ನೋಡಬೇಕಾದ್ದು ಬೋನಸ್ ಅಲ್ಲ, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಅವರೇ ಓಡಿಸುತ್ತಿದ್ದು, ಲೈಸೆನ್ಸ್ ಚಾಲ್ತಿಯಲ್ಲಿದ್ದು, ಪಾಲಿಸಿಯಲ್ಲಿ ಈ ರಕ್ಷಣೆ ಇದ್ದರೆ 15 ಲಕ್ಷ ರೂಪಾಯಿ ಸಿಗಬೇಕು. ಅಪಘಾತವಾಗಿ ಆರು ತಿಂಗಳೊಳಗೆ ಅದೇ ಗಾಯದಿಂದ ಸಾವು ಸಂಭವಿಸಿದರೂ ಇದು ಅನ್ವಯಿಸುತ್ತದೆ. ಹಣ ಪಾಲಿಸಿಯಲ್ಲಿ ಬರೆದಿರುವ ನಾಮಿನಿಗೆ ಹೋಗುತ್ತದೆ. ಅದಕ್ಕೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಬೇಕೇ ಬೇಕು. ಮರಣೋತ್ತರ ಪರೀಕ್ಷೆ ಬೇಡವೆಂದು ದೇಹ ತೆಗೆದುಕೊಂಡು ಹೋದ ಮನೆಗಳಿಗೆ ಈ ಹಣ ಪಡೆಯುವುದು ಬಹಳ ಕಷ್ಟ.

ಕಾರಿನ ರಿಪೇರಿಗೆ ಓನ್ ಡ್ಯಾಮೇಜ್ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಯಾಗುತ್ತದೆ, ವಾರಸುದಾರರಿಗೆ ಹೋಗಲು ಏನೂ ಉಳಿಯುವುದಿಲ್ಲ. ಥರ್ಡ್ ಪಾರ್ಟಿ ಕ್ಲೇಮ್ ಬೋನಸ್ಸನ್ನು ಮುಟ್ಟುವುದಿಲ್ಲ. ಎದುರಿನವರು ಹೂಡಿದ ಪ್ರಕರಣ ಮಾಲೀಕರು ತೀರಿಕೊಂಡರೆಂಬ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಎಂದು ಮೋಟಾರು ವಾಹನ ಕಾಯಿದೆಯ 155ನೇ ಕಲಂ ಹೇಳುತ್ತದೆ, ಆದ್ದರಿಂದ ನ್ಯಾಯಾಲಯದ ನೋಟಿಸು ಬಂದರೆ ತಕ್ಷಣ ಕಂಪನಿಗೆ ತಲುಪಿಸಿ.

ತಂದೆಯ ವೈಯಕ್ತಿಕ ಅಪಘಾತ ವಿಮೆ ಮಗನಿಗೆ ವರ್ಗವಾಗುವುದಿಲ್ಲ ಎಂಬುದೂ ನೆನಪಿರಲಿ. ನೋಂದಾಯಿತ ಮಾಲೀಕನೂ, ಪಾಲಿಸಿಯಲ್ಲಿ ಹೆಸರಿರುವವನೂ, ಲೈಸೆನ್ಸ್ ಇರುವವನೂ ಒಬ್ಬನೇ ಆಗಿರಬೇಕು. ಹೆಸರು ಬದಲಾಗುವವರೆಗೆ ಓಡಿಸುವ ಮಗನಿಗೆ ಈ ರಕ್ಷಣೆ ಇಲ್ಲ. ಹೆಸರು ಬದಲಾದ ದಿನವೇ ಮಾಡಿಸಿಕೊಳ್ಳಬೇಕು. ತನ್ನ ಇನ್ನೊಂದು ಕಾರಿಗಾಗಿ ಅವನು ಈಗಾಗಲೇ ಪ್ರತ್ಯೇಕ ಪಾಲಿಸಿಯಾಗಿ ಇದನ್ನು ತೆಗೆದುಕೊಂಡಿದ್ದರೆ ಮತ್ತೊಮ್ಮೆ ಕಟ್ಟಬೇಕಿಲ್ಲ.

ಆರ್‌ಸಿಯಲ್ಲಿ ನಾಮಿನಿ ಹೆಸರಿದೆ. ಆಗಲೂ ಇಷ್ಟೆಲ್ಲ ಬೇಕೇ?

2021ರ ತಿದ್ದುಪಡಿಯ ನಂತರ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಲು ಅವಕಾಶವಿದೆ. ಹೆಸರಿದ್ದರೆ ಆರ್‌ಟಿಒ ಕೆಲಸ ಹಗುರವಾಗುತ್ತದೆ, 30 ದಿನ ಮತ್ತು ಮೂರು ತಿಂಗಳ ಗಡುವು ಆಗಲೂ ಇದೆ. ಆದರೆ ಬೋನಸ್ ನಾಮಿನಿ ಎಂಬ ಕಾರಣಕ್ಕೆ ಸಿಗುವುದಿಲ್ಲ. ನಾಮಿನಿ ಗಂಡ, ಹೆಂಡತಿ, ಮಕ್ಕಳು ಅಥವಾ ತಂದೆ-ತಾಯಿ ಆಗಿದ್ದರೆ ಮಾತ್ರ ಸಿಗುತ್ತದೆ.

ಟ್ಯಾಕ್ಸಿ, ಗೂಡ್ಸ್ ಗಾಡಿಗಳಿಗೆ?

ಇನ್ಶೂರೆನ್ಸ್ ಜೊತೆಗೆ ಪರ್ಮಿಟ್ ಕೂಡ ಬೇರೆಯಾಗಿ ಬದಲಾಗಬೇಕು. ಕಾಯಿದೆಯ 82ನೇ ಕಲಂ ಪ್ರಕಾರ 30 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಅದೇ ಪರ್ಮಿಟ್‌ನಲ್ಲಿ ಓಡಿಸಬಹುದು. ಪರ್ಮಿಟ್ ಇಲ್ಲದೆ ಬಾಡಿಗೆಗೆ ಹೋದಾಗ ಅಪಘಾತವಾದರೆ ಪಾಲಿಸಿ ಚಾಲ್ತಿಯಲ್ಲಿದ್ದರೂ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

ಎಲ್ಲ ಕಾಗದ ಕೊಟ್ಟರೂ ಬೋನಸ್ ಕೊಡುವುದಿಲ್ಲ ಎನ್ನುತ್ತಾರೆ.

ಬಾಯಿಮಾತಿನ ಉತ್ತರ ಕೇಳಿ ವಾಪಸು ಬರಬೇಡಿ. ನಿರಾಕರಣೆಯನ್ನು ಕಾರಣ ಸಹಿತ ಬರಹದಲ್ಲಿ ಕೇಳಿ. ಬರೆದು ಕೊಡಬೇಕಾದಾಗ ಕಡತವನ್ನು ಮತ್ತೊಮ್ಮೆ ನೋಡುತ್ತಾರೆ, ಎಷ್ಟೋ ಪ್ರಕರಣಗಳಲ್ಲಿ ಮಾರಾಟದ ವರ್ಗಾವಣೆ ಎಂದು ತಪ್ಪಾಗಿ ಹಾಕಿದ್ದೇ ಕಾರಣವಾಗಿರುತ್ತದೆ. ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ತಿರಸ್ಕಾರವಾದರೆ ಅಥವಾ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಸೀಲು ಹಾಕಿದ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಇಮೇಲ್ ತಾರೀಖು ಇವು ಮೂರೂ ದೂರಿನ ಜೊತೆ ಹೋಗಬೇಕು.